ಉದ್ದದ ಮೇಲ್ ಥ್ರೆಡ್‌ನಲ್ಲಿ ಕಳಿಸಿದ ಉತ್ತರವನ್ನು ತಿದ್ದೋದು ಹೇಗೆ? ಐದು ದಾರಿಗಳ ಹೋಲಿಕೆ

ಆಫೀಸ್ ಮೇಲ್ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತದೆ. ಮೂವತ್ತು ನಲವತ್ತು ಮೇಲ್ ಓಡಾಡಿದ ಥ್ರೆಡ್. ಅದರ ನಡುವೆ ನೀವು ಬರೆದ ಒಂದು ಉತ್ತರ ತಪ್ಪಾಗಿದೆ, ಇಲ್ಲವೇ ಅರ್ಧಂಬರ್ಧ ಆಗಿದೆ. ಈಗ ಅದನ್ನು ಮತ್ತೆ ಬರೆಯಬೇಕು. ವಾಪಸ್ ತೆಗೆದುಕೊಳ್ಳೋದಾ? ಕೆಳಗೆ ಇನ್ನೊಂದು ರಿಪ್ಲೈ ಹಾಕೋದಾ? ಎಲ್ಲ ಬಿಟ್ಟು ಹೊಸ ಮೇಲ್ ಶುರು ಮಾಡೋದಾ? ಯಾವುದನ್ನು ಮಾಡಿದರೆ ಹಿಂದಿನ ಮಾತುಕತೆಯ ಎಳೆ ತಪ್ಪೋದಿಲ್ಲ?

ದಾರಿಗಳನ್ನು ನೋಡುವ ಮೊದಲು, ಯಾವುದನ್ನು ಇಟ್ಟುಕೊಂಡು ಅಳೆಯಬೇಕು ಅನ್ನೋದನ್ನು ಗೊತ್ತು ಮಾಡಿಕೊಳ್ಳೋಣ. ನಾನು ನಾಲ್ಕು ವಿಷಯ ನೋಡುತ್ತೇನೆ.

ಮೊದಲನೆಯದು, ಹೊಸ ಉತ್ತರ ಓದಿದವರಿಗೆ ಅದು ಯಾವ ಪ್ರಶ್ನೆಗೆ, ಯಾವ ಮೇಲ್‌ಗೆ ಅಂತ ಅಲ್ಲೇ ಗೊತ್ತಾಗುತ್ತಾ? ಎರಡನೆಯದು, ಹಳೆಯ ಉತ್ತರ ನಂಬಿ ಆಗಲೇ ಕೆಲಸ ಶುರು ಮಾಡಿದವರಿಗೆ ಬದಲಾವಣೆಯ ಸುದ್ದಿ ಮುಟ್ಟುತ್ತಾ? ಮೂರನೆಯದು, ಮೂರು ತಿಂಗಳ ಮೇಲೆ ಹೊಸಬರೊಬ್ಬರು ಇದನ್ನು ಓದಿದರೆ ಏನಿತ್ತು, ಏನಾಯಿತು, ಯಾಕಾಯಿತು ಅಂತ ಸಿಗುತ್ತಾ? ನಾಲ್ಕನೆಯದು ಖರ್ಚು. ಇಲ್ಲಿ ಖರ್ಚು ಅಂದರೆ ದುಡ್ಡಲ್ಲ, ಸಮಯ. ಬರೆಯುವವರ ಸಮಯ ಒಂದು ಕಡೆ, ಓದುವ ಹತ್ತು ಜನರ ಸಮಯ ಇನ್ನೊಂದು ಕಡೆ. ನೀವು ಉಳಿಸಿದ ಎರಡು ನಿಮಿಷ ಹತ್ತು ಜನರ ಐದೈದು ನಿಮಿಷ ತಿನ್ನಬಹುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ

ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆ ಅಂತಿಟ್ಟುಕೊಳ್ಳಿ. ಪ್ಯಾಕಿಂಗ್‌ಗೆ ರಟ್ಟಿನ ಬಾಕ್ಸ್ ಬೇಕು. ಥ್ರೆಡ್‌ನಲ್ಲಿ ಖರೀದಿ ವಿಭಾಗದವರು, ಸ್ಟೋರ್‌ನವರು, ಅಕೌಂಟ್ಸ್‌ನವರು, ಬಾಕ್ಸ್ ಮಾಡಿಕೊಡುವ ಸಪ್ಲೈಯರ್ ಎಲ್ಲರೂ ಇದ್ದಾರೆ. ಮಾರ್ಚ್ 4ಕ್ಕೆ ಸಪ್ಲೈಯರ್ ಕೊಟೇಶನ್ ಕಳಿಸಿದರು: 500ರಿಂದ 999ರವರೆಗೆ ಒಂದು ಬಾಕ್ಸ್‌ಗೆ ₹42, 1,000 ಮತ್ತು ಅದಕ್ಕಿಂತ ಜಾಸ್ತಿಯಾದರೆ ₹38. ಸೈಜ್ 14 × 10 × 8 ಇಂಚು. ಮಾರ್ಚ್ 9ಕ್ಕೆ ಎತ್ತರ 10 ಇಂಚು ಇರಲಿ ಅಂತ ಮಾತಾಯಿತು, ಸಪ್ಲೈಯರ್ "ಸರಿ, ರೇಟ್‌ನಲ್ಲಿ ಬದಲಾವಣೆ ಇಲ್ಲ" ಅಂದರು. ಮಾರ್ಚ್ 11ಕ್ಕೆ ಸ್ಟೋರ್‌ನವರು ಗೋಡೌನ್‌ನಲ್ಲಿ ಜಾಗ ಇಲ್ಲ, 800 ಸಾಕು ಅಂದರು. ಮಾರ್ಚ್ 14ರ ಬೆಳಿಗ್ಗೆ 10:20ಕ್ಕೆ ಖರೀದಿಯವರು ಬರೆದರು: "ಮೇಲೆ ಹೇಳಿದ ರೇಟ್ ಓಕೆ. 800 ಬಾಕ್ಸ್, ₹38ರಂತೆ ಕಳಿಸಿ. ಅದೇ ಸೈಜ್." ಒಂದು ಗಂಟೆಯಲ್ಲಿ ಅಕೌಂಟ್ಸ್‌ನವರು ಉತ್ತರ ಕೊಟ್ಟರು: ಅರ್ಧ ಅಡ್ವಾನ್ಸ್ ₹15,200 ಸಂಜೆ ಹಾಕುತ್ತೇವೆ.

ತಪ್ಪು ಕಾಣುತ್ತಿದೆ ಅಲ್ವಾ? 800ಕ್ಕೆ ₹38 ಸಿಗೋದಿಲ್ಲ. ಜಿಎಸ್‌ಟಿ ಬಿಟ್ಟು ನೋಡಿದರೆ ₹30,400 ಅಂದುಕೊಂಡದ್ದು ನಿಜಕ್ಕೂ ₹33,600. ಇನ್ನೊಂದು ತಪ್ಪು ಕಣ್ಣಿಗೆ ಬೀಳದೇ ಕೂತಿದೆ. "ಅದೇ ಸೈಜ್" ಅಂದರೆ ಯಾವುದು? ಥ್ರೆಡ್‌ನಲ್ಲಿ ಎರಡು ಸೈಜ್ ಇವೆ. ಬರೆದವರ ತಲೆಯಲ್ಲಿ ಮಾರ್ಚ್ 9ರದ್ದು ಇತ್ತು. ಸಪ್ಲೈಯರ್ ಕಡೆಯ ಹುಡುಗ ಕೊಟೇಶನ್ ತೆಗೆದು ನೋಡಿದರೆ ಅಲ್ಲಿರೋದು 8 ಇಂಚು.

ಸಂದರ್ಭ ಎಲ್ಲಿ ಇರುತ್ತದೆ, ಎಲ್ಲಿ ಕಳೆದುಹೋಗುತ್ತದೆ

ಇದು ಗೊತ್ತಾದರೆ ದಾರಿ ಆರಿಸೋದು ಅರ್ಧ ಮುಗಿದ ಹಾಗೆ. ಹಿಂದಿನ ಮಾತುಕತೆ ಎರಡು ಜಾಗದಲ್ಲಿ ಇರುತ್ತದೆ. ಒಂದು, ಪ್ರತಿಯೊಬ್ಬರ ಮೇಲ್‌ಬಾಕ್ಸ್‌ನಲ್ಲಿ. ಇನ್ನೊಂದು, ನಿಮ್ಮ ರಿಪ್ಲೈ ಕೆಳಗೆ ಅಂಟಿಕೊಂಡು ಬರುವ ಹಳೆಯ ಮೇಲ್‌ಗಳ ಬಾಲದಲ್ಲಿ. ಜಿಮೇಲ್ ಆ ಬಾಲವನ್ನು ಮೂರು ಚುಕ್ಕಿಯ ಹಿಂದೆ ಮುಚ್ಚಿಡುತ್ತದೆ. ಹಾಗಾಗಿ ಬಹಳ ಜನಕ್ಕೆ ಅದು ಇದೆಯೋ ಇಲ್ಲವೋ ಅನ್ನುವುದೇ ಗಮನಕ್ಕೆ ಬರೋದಿಲ್ಲ.

ಮೊದಲಿಂದ ಇದ್ದವರಿಗೆ ಬಾಲ ಬೇಕಿಲ್ಲ, ಅವರ ಮೇಲ್‌ಬಾಕ್ಸ್‌ನಲ್ಲಿ ಎಲ್ಲ ಇದೆ. ಆದರೆ ನಡುವೆ ಸಿಸಿಗೆ ಸೇರಿದವರಿಗೆ ಆ ಬಾಲವೇ ಗತಿ. ಅದರಲ್ಲಿ ಏನಿದೆಯೋ ಅಷ್ಟೇ ಅವರ ಪಾಲಿಗೆ ಇತಿಹಾಸ.

ಇನ್ನು ಥ್ರೆಡ್ ಹೇಗೆ ಹೆಣೆದುಕೊಳ್ಳುತ್ತದೆ ನೋಡಿ. ಪ್ರತಿ ಮೇಲ್‌ಗೂ ಒಂದು `Message-ID` ಇರುತ್ತದೆ. ನೀವು Reply ಒತ್ತಿದಾಗ ಆ ಗುರುತು ನಿಮ್ಮ ಹೊಸ ಮೇಲ್‌ನ `In-Reply-To` ಸಾಲಿನಲ್ಲಿ ಕೂರುತ್ತದೆ. ಅದಕ್ಕೂ ಹಿಂದಿನ ಮೇಲ್‌ಗಳ ಗುರುತುಗಳು `References` ಸಾಲಿನಲ್ಲಿ ಇರುತ್ತವೆ. ಇವು ಪರದೆಯ ಮೇಲೆ ಕಾಣೋದಿಲ್ಲ, ಆದರೆ ಮೇಲ್‌ಗಳನ್ನು ಒಂದಕ್ಕೊಂದು ಕಟ್ಟೋದು ಇವೇ. ಹೊಸದಾಗಿ Compose ಒತ್ತಿ ಹಳೆಯ ಸಬ್ಜೆಕ್ಟ್ ಅಂಟಿಸಿದರೆ ಈ ಗುರುತುಗಳು ಬರೋದಿಲ್ಲ. ನೋಡೋಕೆ ಅದೇ ಥ್ರೆಡ್, ಒಳಗೆ ಸಂಬಂಧ ಇಲ್ಲ.

ಎಳೆ ಹರಿಯೋದಕ್ಕೆ ಇನ್ನೂ ಎರಡು ಕಾರಣ ಇವೆ. ಜಿಮೇಲ್‌ನಲ್ಲಿ ಸಬ್ಜೆಕ್ಟ್ ಬದಲಾಯಿಸಿದರೆ ಅದು ಬೇರೆ ಥ್ರೆಡ್ ಆಗುತ್ತದೆ. ಮುಂದೆ "ತಿದ್ದುಪಡಿ" ಅಂತ ಒಂದು ಪದ ಸೇರಿಸಿದರೂ ಅಷ್ಟೇ. ಥ್ರೆಡ್ 100 ಮೇಲ್ ದಾಟಿದರೂ ಅದು ತಾನಾಗೇ ಒಡೆದು ಹೊಸ ಥ್ರೆಡ್ ಶುರು ಮಾಡುತ್ತದೆ.

ಅಟ್ಯಾಚ್‌ಮೆಂಟ್ ವಿಷಯ ಇನ್ನೂ ಮುಖ್ಯ. Reply ಮಾಡಿದಾಗ ಹಳೆಯ ಫೈಲ್‌ಗಳು ಜೊತೆಗೆ ಹೋಗೋದಿಲ್ಲ. Forward ಮಾಡಿದರೆ ಹೋಗುತ್ತವೆ. ನಮ್ಮ ಉದಾಹರಣೆಯ ಕೊಟೇಶನ್ ಪಿಡಿಎಫ್ ಮಾರ್ಚ್ 4ರ ಮೇಲ್‌ನಲ್ಲಿ ಮಾತ್ರ ಇದೆ. ಮಾರ್ಚ್ 12ಕ್ಕೆ ಸಿಸಿಗೆ ಸೇರಿದವರ ಹತ್ತಿರ ಅದು ಇಲ್ಲವೇ ಇಲ್ಲ.

ಈಗ ದಾರಿಗಳಿಗೆ ಬರೋಣ.

ದಾರಿ 1: ವಾಪಸ್ ತೆಗೆದುಕೊಳ್ಳೋದು

ಕಳಿಸಿದ ಕ್ಷಣದಲ್ಲೇ ತಪ್ಪು ಕಂಡರೆ ಇದಕ್ಕಿಂತ ಒಳ್ಳೆಯದು ಇಲ್ಲ. ಜಿಮೇಲ್‌ನಲ್ಲಿ Undo ಬರುತ್ತದೆ. ಅದರ ಅವಧಿಯನ್ನು ಸೆಟ್ಟಿಂಗ್ಸ್‌ನಲ್ಲಿ 5, 10, 20 ಅಥವಾ 30 ಸೆಕೆಂಡ್ ಇಟ್ಟುಕೊಳ್ಳಬಹುದು. 30ಕ್ಕೆ ಇಟ್ಟುಕೊಳ್ಳಿ, ಕಳೆದುಕೊಳ್ಳೋದೇನೂ ಇಲ್ಲ. ಮೇಲ್ ಇನ್ನೂ ಹೊರಗೇ ಹೋಗಿರೋದಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬಿದ್ದಿರೋದಿಲ್ಲ.

ಔಟ್‌ಲುಕ್‌ನ Recall ಬೇರೆ ಮಾತು. ಅದು ನಿಮ್ಮದೇ ಸಂಸ್ಥೆಯ ಒಳಗಿನ ಮೇಲ್‌ಬಾಕ್ಸ್‌ಗಳಿಗೆ ಮಾತ್ರ ಕೆಲಸ ಮಾಡುತ್ತದೆ. ಹೊರಗಿನ ಸಪ್ಲೈಯರ್‌ಗೆ ಹೋದದ್ದನ್ನು ಅದು ಮುಟ್ಟಲಾರದು. ಹಾಗಾಗಿ ನಮ್ಮ ಉದಾಹರಣೆಯಲ್ಲಿ Recall ಮಾಡಿದರೆ ಅತಿ ಕೆಟ್ಟ ಸ್ಥಿತಿ ಬರುತ್ತದೆ. ಒಳಗಿನವರ ಹತ್ತಿರ ಆ ಮೇಲ್ ಮಾಯ, ಸಪ್ಲೈಯರ್ ಹತ್ತಿರ ಹಾಗೇ ಇದೆ. ಅಕೌಂಟ್ಸ್‌ನವರು "₹15,200 ಹಾಕುತ್ತೇವೆ" ಅಂದ ಉತ್ತರ ಮಾತ್ರ ಉಳಿದು, ಅದು ಯಾವುದಕ್ಕೆ ಅಂದದ್ದು ಅನ್ನೋದು ಕಾಣದೇ ಹೋಗುತ್ತದೆ.

ಯಾರೂ ಉತ್ತರಿಸಿಲ್ಲ, ಥ್ರೆಡ್ ಪೂರ್ತಿ ಆಫೀಸ್ ಒಳಗಿನದು, ಕಳಿಸಿ ಕೆಲವೇ ನಿಮಿಷ ಆಗಿದೆ ಅಂದರೆ Recall ನೋಡಬಹುದು. ಇಲ್ಲದಿದ್ದರೆ ಬೇಡ. ಆಗಲೂ ಅದು ಯಶಸ್ವಿಯಾಗಿಯೇ ಆಗುತ್ತದೆ ಅಂತ ನಂಬಿಕೊಂಡು ಕೂರಬೇಡಿ.

ದಾರಿ 2: ಇದ್ದಲ್ಲೇ ತಿದ್ದೋದು

ಮೇಲ್‌ನಲ್ಲಿ ಇದು ಆಗೋದಿಲ್ಲ. ಆದರೆ ಇವತ್ತು ಅರ್ಧ ಮಾತುಕತೆ ವಾಟ್ಸಾಪ್ ಗ್ರೂಪ್‌ನಲ್ಲಿ ನಡೆಯುತ್ತದೆ, ಅಲ್ಲಿ ಇದು ಸಾಧ್ಯ. ವಾಟ್ಸಾಪ್‌ನಲ್ಲಿ ಕಳಿಸಿದ 15 ನಿಮಿಷದ ಒಳಗೆ ತಿದ್ದಬಹುದು. ಸ್ಲ್ಯಾಕ್, ಟೀಮ್ಸ್‌ನಂಥ ಕಡೆ ಅಡ್ಮಿನ್ ಏನು ಬಿಟ್ಟಿದ್ದಾರೆ ಅನ್ನೋದರ ಮೇಲೆ ಹೋಗುತ್ತದೆ.

ಓದುವವರಿಗೆ ಇದು ಅಚ್ಚುಕಟ್ಟು. ಸರಿಯಾದ ಮಾತು ಸರಿಯಾದ ಜಾಗದಲ್ಲೇ ಕೂರುತ್ತದೆ, ಮೇಲೆ ಕೆಳಗೆ ಹುಡುಕಬೇಕಿಲ್ಲ. ಕಾಗುಣಿತ ತಪ್ಪು, ಬಿಟ್ಟುಹೋದ ಲಿಂಕ್, ಹೆಸರಿನ ತಪ್ಪು ಇಂಥವಕ್ಕೆ ಇದೇ ಸರಿ.

ಸಂಖ್ಯೆ, ದಿನಾಂಕ, ಒಪ್ಪಿಗೆ ಬದಲಾಗುವಾಗ ಮಾತ್ರ ಇದು ಅಪಾಯ. ವಾಟ್ಸಾಪ್‌ನಲ್ಲಿ ತಿದ್ದಿದರೆ ಯಾರಿಗೂ ಹೊಸ ನೋಟಿಫಿಕೇಶನ್ ಹೋಗೋದಿಲ್ಲ. Edited ಅಂತ ಒಂದು ಸಣ್ಣ ಗುರುತು ಬರುತ್ತದೆ, ಮೊದಲು ಏನಿತ್ತು ಅಂತ ಕಾಣೋದಿಲ್ಲ. ಓದಿ ಮುಗಿಸಿದವರು ಮತ್ತೆ ಮೇಲೆ ಹೋಗಿ ಯಾಕೆ ನೋಡುತ್ತಾರೆ? ಅದಕ್ಕೂ ಕೆಟ್ಟದ್ದು ಏನೆಂದರೆ, ನಿಮ್ಮ ಹಳೆಯ ಮಾತಿಗೆ "ಓಕೆ" ಅಂದವರು ಈಗ ನಿಮ್ಮ ಹೊಸ ಮಾತಿಗೆ "ಓಕೆ" ಅಂದ ಹಾಗೆ ಕಾಣುತ್ತದೆ. ಅವರು ಒಪ್ಪದೇ ಇದ್ದದ್ದಕ್ಕೆ ಅವರ ಒಪ್ಪಿಗೆ ಅಂಟಿಸಿದ ಹಾಗಾಯಿತು. ಇದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ.

ತಿದ್ದಲೇಬೇಕು ಅಂದರೆ ಹಳೆಯ ಸಂಖ್ಯೆ ಅಳಿಸಬೇಡಿ, ಗೆರೆ ಎಳೆಯಿರಿ. ವಾಟ್ಸಾಪ್‌ನಲ್ಲಿ ಪದದ ಎರಡೂ ಕಡೆ ~ ಹಾಕಿದರೆ ಅದರ ಮೇಲೆ ಗೆರೆ ಬರುತ್ತದೆ:

```
800 ಬಾಕ್ಸ್, ~₹38~ ₹42ರಂತೆ (ತಿದ್ದಿದ್ದು 10:31)
```

ಆಮೇಲೆ ಗ್ರೂಪ್‌ನ ಕೊನೆಯಲ್ಲಿ ಆ ಮೆಸೇಜನ್ನೇ ಕೋಟ್ ಮಾಡಿ "ಮೇಲೆ ರೇಟ್ ತಿದ್ದಿದ್ದೇನೆ, ನೋಡಿ" ಅಂತ ಹಾಕಿ. ಈ ಎರಡನೇ ಹೆಜ್ಜೆ ಇಲ್ಲದಿದ್ದರೆ ತಿದ್ದಿದ್ದು ನಿಮಗೊಬ್ಬರಿಗೇ ಗೊತ್ತು.

ಪೂರ್ತಿ ಡಿಲೀಟ್ ಮಾಡಿ ಮತ್ತೆ ಹಾಕೋದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಕೆಳಗಿನ ಉತ್ತರಗಳೆಲ್ಲ ತಬ್ಬಲಿಯಾಗುತ್ತವೆ. ತಪ್ಪು ಗ್ರೂಪ್‌ಗೆ ಹಾಕಿದ್ದರೆ ಬಿಟ್ಟು ಬೇರೆಲ್ಲೂ ಅದರ ಅಗತ್ಯ ನನಗೆ ಕಂಡಿಲ್ಲ.

ದಾರಿ 3: ಮೇಲ್ಗಡೆ ತಿದ್ದುಪಡಿ ಬರೆದು Reply all

ದಿನನಿತ್ಯದ ಕೆಲಸಕ್ಕೆ ನಾನು ಮೊದಲು ಹೇಳೋದು ಇದನ್ನೇ. ಐದು ಹತ್ತು ನಿಮಿಷದ ಕೆಲಸ. ಎಲ್ಲರಿಗೂ ಹೊಸ ಮೇಲ್ ಆಗಿ ಮುಟ್ಟುತ್ತದೆ, ಹಳೆಯದು ಹಾಗೇ ಉಳಿಯುತ್ತದೆ, ದಾಖಲೆ ಕೆಡೋದಿಲ್ಲ. ಆದರೆ ಬರೆಯುವ ರೀತಿ ಸರಿ ಇರಬೇಕು. "ಸಾರಿ, ಮೇಲಿನದು ತಪ್ಪು, ₹42 ಅಂತ ಓದಿಕೊಳ್ಳಿ" ಅಂದರೆ ಅದು ತಿದ್ದುಪಡಿ ಆಗೋದಿಲ್ಲ, ಇನ್ನೊಂದು ಗೊಂದಲ ಆಗುತ್ತದೆ.

ನಮ್ಮ ಖರೀದಿಯವರು ಹೀಗೆ ಬರೆಯಬಹುದು:

```
ತಿದ್ದುಪಡಿ: ಮಾರ್ಚ್ 14, ಬೆಳಿಗ್ಗೆ 10:20ರ ನನ್ನ ಮೇಲ್

ನಾನು ಬರೆದದ್ದು: "800 ಬಾಕ್ಸ್, ₹38ರಂತೆ ಕಳಿಸಿ. ಅದೇ ಸೈಜ್."
ಸರಿಯಾದದ್ದು: 800 ಬಾಕ್ಸ್, ಒಂದಕ್ಕೆ ₹42. ಸೈಜ್ 14 × 10 × 10 ಇಂಚು.

ಕಾರಣ: ಮಾರ್ಚ್ 4ರ ಕೊಟೇಶನ್ ಪ್ರಕಾರ ₹38 ಇರುವುದು
1,000 ಮತ್ತು ಮೇಲ್ಪಟ್ಟ ಆರ್ಡರ್‌ಗೆ. ಎತ್ತರ 10 ಇಂಚು ಅಂತ
ಮಾರ್ಚ್ 9ರಂದು ಒಪ್ಪಿದ್ದೇವೆ.

ಇದರಿಂದ ಬದಲಾಗುವುದು: ಮೊತ್ತ ₹33,600 (ಜಿಎಸ್‌ಟಿ ಬೇರೆ).
ಅಕೌಂಟ್ಸ್: ಅಡ್ವಾನ್ಸ್ ₹15,200 ಅಲ್ಲ, ₹16,800.
ಬದಲಾಗದ್ದು: 800ರ ಲೆಕ್ಕ, ಅರ್ಧ ಅಡ್ವಾನ್ಸ್.
```

ಪ್ರತಿ ಸಾಲಿಗೂ ಒಂದು ಕೆಲಸ ಇದೆ. ಮೊದಲ ಸಾಲು ಯಾವ ಮೇಲ್ ಅಂತ ದಿನಾಂಕ, ಗಂಟೆ ಸಮೇತ ಹೇಳುತ್ತದೆ. ಒಂದೇ ದಿನ ನೀವು ಮೂರು ಮೇಲ್ ಬರೆದಿದ್ದರೆ ಗಂಟೆ ಬೇಕೇ ಬೇಕು. ಎರಡನೆಯದು ತಪ್ಪು ಮಾತನ್ನು ಅಕ್ಷರ ಬದಲಿಸದೇ ಎತ್ತಿ ತೋರಿಸುತ್ತದೆ. ಇದನ್ನು ಬರೆಯೋಕೆ ಬಹಳ ಜನ ಹಿಂಜರಿಯುತ್ತಾರೆ, ಆದರೆ ಇದಿಲ್ಲದೆ ಓದುವವರು ಹಳೆಯದನ್ನು ಹುಡುಕಿಕೊಂಡು ಹೋಗಬೇಕು. ನಂತರ ಕಾರಣ, ಅದೂ ಥ್ರೆಡ್‌ನ ಯಾವ ದಿನದ ಮಾತಿನ ಮೇಲೆ ನಿಂತಿದೆ ಅಂತ. ಕೊನೆಯ ಎರಡು ತುಂಡು ತುಂಬಾ ಬೇಕಾದವು. ತಪ್ಪು ನಂಬಿ ಕೆಲಸ ಶುರು ಮಾಡಿದವರ ಹೆಸರು ಹಿಡಿದು ಅವರಿಗೆ ಏನು ಬದಲಾಯಿತು ಅಂತ ಹೇಳಬೇಕು. ಏನು ಬದಲಾಗಿಲ್ಲ ಅಂತಲೂ ಹೇಳಬೇಕು. ಒಂದು ತಿದ್ದುಪಡಿ ಬಂದ ತಕ್ಷಣ ಓದುವವರಿಗೆ ಉಳಿದದ್ದರ ಮೇಲೂ ಅನುಮಾನ ಬರುತ್ತದೆ. "ಹಾಗಾದರೆ 800 ಕೂಡ ಬದಲಾಯಿತಾ?" ಅಂತ ಇನ್ನೊಂದು ಮೇಲ್ ಬರೋದು ಈ ಒಂದು ಸಾಲಿನಿಂದ ತಪ್ಪುತ್ತದೆ.

ಇನ್ನೊಂದು ಗಮನಿಸಿ. ಎತ್ತಿ ತೋರಿಸಿದ ಹಳೆಯ ಮಾತು ಬಿಟ್ಟರೆ ತಿದ್ದಿದ ಉತ್ತರದಲ್ಲಿ "ಮೇಲಿನ", "ಅದೇ", "ನಿನ್ನೆ", "ಅವರು ಹೇಳಿದ ಹಾಗೆ" ಇಂಥ ಪದ ಒಂದೂ ಇಲ್ಲ. ಇವು ಬರೆದ ಜಾಗಕ್ಕೆ, ಬರೆದ ದಿನಕ್ಕೆ ಅಂಟಿಕೊಂಡ ಪದಗಳು. ಜಾಗ ಬದಲಾದರೆ ಅರ್ಥ ಜಾರುತ್ತದೆ. ಮೇಲ್‌ನಲ್ಲಂತೂ ಹಳೆಯದು ಕೆಳಗೆ ಹೋಗುತ್ತದೆ, ಹಾಗಾಗಿ "ಮೇಲೆ ಹೇಳಿದ" ಅನ್ನೋದು ನಿಜಕ್ಕೂ ಕೆಳಗೆ ಇರುತ್ತದೆ. ಉತ್ತರವನ್ನು ಮತ್ತೆ ಬರೆಯುವಾಗ ಇಂಥ ಪದಗಳನ್ನು ಒಂದೊಂದಾಗಿ ಹುಡುಕಿ, ಅವುಗಳ ಜಾಗದಲ್ಲಿ ದಿನಾಂಕ, ಅಳತೆ, ಹೆಸರು ಹಾಕಿ. ನಮ್ಮ ಉದಾಹರಣೆಯಲ್ಲಿ ರೇಟಿನ ತಪ್ಪಿನಿಂದ ₹3,200ರ ವ್ಯತ್ಯಾಸ. ಆದರೆ "ಅದೇ ಸೈಜ್" ಅನ್ನೋದು ಹಾಗೇ ಉಳಿದು ಎಂಟು ಇಂಚಿನ ಬಾಕ್ಸ್ ತಯಾರಾಗಿ ಬಂದಿದ್ದರೆ 800 ಬಾಕ್ಸೂ ವ್ಯರ್ಥ.

*ಯಾವ ಮೇಲ್‌ಗೆ ರಿಪ್ಲೈ ಒತ್ತಬೇಕು?*

ಇಲ್ಲಿ ಎಡವುವವರು ಜಾಸ್ತಿ. ತಪ್ಪಾದ ನಿಮ್ಮದೇ ಮೇಲ್‌ಗೆ ಒತ್ತೋದಾ, ಥ್ರೆಡ್‌ನ ಕೊನೆಯ ಮೇಲ್‌ಗೆ ಒತ್ತೋದಾ?

ನಿಮ್ಮ ಮೇಲ್ ಆದ ಮೇಲೆ ಯಾರೂ ಏನೂ ಬರೆದಿಲ್ಲ ಅಂದರೆ ಅದಕ್ಕೇ ಒತ್ತಿ. ಯಾರಾದರೂ ಬರೆದಿದ್ದರೆ ಕೊನೆಯ ಮೇಲ್‌ಗೆ ಒತ್ತಿ. ಕಾರಣ ಬಾಲದಲ್ಲಿದೆ. ನಿಮ್ಮ 10:20ರ ಮೇಲ್‌ಗೆ ರಿಪ್ಲೈ ಮಾಡಿದರೆ ಕೆಳಗೆ ಬರುವ ಬಾಲ ಅಲ್ಲಿಗೇ ನಿಲ್ಲುತ್ತದೆ. ಅಕೌಂಟ್ಸ್‌ನವರ ₹15,200ರ ಮಾತು ಅದರಲ್ಲಿ ಇರೋದಿಲ್ಲ. ಆಮೇಲೆ ಕೆಲವರು ನಿಮ್ಮ ತಿದ್ದುಪಡಿಗೆ ರಿಪ್ಲೈ ಮಾಡುತ್ತಾರೆ, ಇನ್ನು ಕೆಲವರು ಅಕೌಂಟ್ಸ್‌ನವರ ಮೇಲ್‌ಗೆ ಮಾಡುತ್ತಾರೆ. ಥ್ರೆಡ್ ಕವಲೊಡೆಯಿತು. ಒಂದು ಕವಲಲ್ಲಿ ₹42, ಇನ್ನೊಂದರಲ್ಲಿ ₹38, ಎರಡೂ ಜೀವಂತ. ಜಿಮೇಲ್ ಇವೆರಡನ್ನೂ ಒಂದೇ ಸಾಲಾಗಿ, ಬಂದ ಸಮಯದ ಪ್ರಕಾರ ತೋರಿಸೋದರಿಂದ ಕವಲು ಒಡೆದದ್ದು ಕಣ್ಣಿಗೇ ಬೀಳೋದಿಲ್ಲ. ಅನುಮಾನ ಬಂದರೆ ಕೊನೆಯ ಮೇಲ್‌ನ ಮೂರು ಚುಕ್ಕಿ ಒತ್ತಿ ಬಾಲ ಬಿಚ್ಚಿ ನೋಡಿ. ನಿಮ್ಮ ತಿದ್ದುಪಡಿ ಅದರಲ್ಲಿ ಇಲ್ಲದಿದ್ದರೆ, ಆ ಕಡೆಯವರು ಬೇರೆ ಕವಲಲ್ಲಿ ಮಾತಾಡುತ್ತಿದ್ದಾರೆ ಅಂತಲೇ ಅರ್ಥ.

To, Cc ಸಾಲುಗಳನ್ನೂ ನೋಡಿ. ಕೊನೆಯ ಮೇಲ್ ಬರೆದವರು Reply all ಬದಲು Reply ಮಾತ್ರ ಒತ್ತಿದ್ದರೆ ಉಳಿದವರು ಆಗಲೇ ಉದುರಿಹೋಗಿರುತ್ತಾರೆ. ತಪ್ಪು ಮೇಲ್ ಯಾರಿಗೆಲ್ಲ ಹೋಗಿತ್ತೋ ಅಷ್ಟೂ ಜನರಿಗೆ ತಿದ್ದುಪಡಿ ಹೋಗಬೇಕು, ಒಬ್ಬರೂ ಬಿಡಬಾರದು.

ದಾರಿ 4: ಸಾಲುಸಾಲಿನ ನಡುವೆ ಉತ್ತರ

ನಿಮ್ಮ ಹಳೆಯ ಉತ್ತರದಲ್ಲಿ ಆರೇಳು ಅಂಶ ಇತ್ತು, ಅದರಲ್ಲಿ ಮೂರು ನಾಲ್ಕು ಬದಲಾಗಬೇಕು ಅಂದರೆ ಮೇಲ್ಗಡೆಯ ತಿದ್ದುಪಡಿ ಉದ್ದವಾಗಿ ಬಿಡುತ್ತದೆ. ಆಗ ಎದುರಿನವರ ಪ್ರಶ್ನೆಗಳನ್ನೇ ಎತ್ತಿ, ಒಂದೊಂದರ ಕೆಳಗೆ ಹೊಸ ಉತ್ತರ ಬರೆಯೋದು ಒಳ್ಳೆಯದು. ಹಳೆಯ ಮೇಲ್ ಶಿಷ್ಟಾಚಾರ ಇದನ್ನೇ ಹೇಳುತ್ತಿತ್ತು. 1995ರ RFC 1855 ಅನ್ನುವ ದಾಖಲೆಯಲ್ಲೂ ಮೂಲ ಮೇಲ್‌ನಿಂದ ಸಂದರ್ಭ ತಿಳಿಯುವಷ್ಟನ್ನು ಮಾತ್ರ ಇಟ್ಟುಕೊಳ್ಳಿ ಅನ್ನುವ ಸಲಹೆ ಇದೆ.

```
> ಸೈಜ್ ಯಾವುದು ಫೈನಲ್?
14 × 10 × 10 ಇಂಚು. (ಮಾರ್ಚ್ 14ರಂದು "ಅದೇ ಸೈಜ್" ಅಂದಿದ್ದೆ.)

> ಪ್ರಿಂಟ್ ಎಷ್ಟು ಬಣ್ಣ?
ಒಂದೇ ಬಣ್ಣ. ಬದಲಾವಣೆ ಇಲ್ಲ.
```

ಯಾವ ಮಾತಿಗೆ ಯಾವ ಉತ್ತರ ಅನ್ನೋದು ಇಷ್ಟು ಸ್ಪಷ್ಟವಾಗಿ ಬೇರೆ ಯಾವ ದಾರಿಯಲ್ಲೂ ಬರೋದಿಲ್ಲ. ಟೆಕ್ನಿಕಲ್ ಚರ್ಚೆ, ಟೆಂಡರ್ ಪ್ರಶ್ನೋತ್ತರ, ಆಡಿಟ್‌ನವರು ಕೇಳಿದ ಪಟ್ಟಿ ಇಂಥವಕ್ಕೆ ಇದೇ ಸರಿ.

ಇದರ ತೊಂದರೆ ಓದುವವರ ಕಡೆ ಇದೆ. ಮೊಬೈಲ್‌ನಲ್ಲಿ ಓದುವವರಿಗೆ ಮೇಲ್ಗಡೆ ಏನೂ ಕಾಣದಿದ್ದರೆ ಖಾಲಿ ಮೇಲ್ ಅಂದುಕೊಳ್ಳುತ್ತಾರೆ. ಹಾಗಾಗಿ ಮೊದಲ ಸಾಲಿನಲ್ಲೇ "ಉತ್ತರಗಳು ಕೆಳಗೆ ಪ್ರಶ್ನೆಗಳ ಜೊತೆ ಇವೆ, ಬದಲಾಗಿರೋದು 1, 3 ಮತ್ತು 4" ಅಂತ ಹಾಕಿ. ಎರಡನೆಯದು ಬಣ್ಣ. ಬಹಳ ಆಫೀಸ್‌ಗಳಲ್ಲಿ ಒಬ್ಬರು ಕೆಂಪಲ್ಲಿ, ಇನ್ನೊಬ್ಬರು ನೀಲಿಯಲ್ಲಿ ಬರೆಯುತ್ತಾರೆ. ಎರಡು ಸುತ್ತು ಚೆನ್ನಾಗಿರುತ್ತದೆ. ಮೂರನೇ ಸುತ್ತಿಗೆ ಯಾರು ಯಾವ ಬಣ್ಣ ಅಂತ ಯಾರಿಗೂ ಗೊತ್ತಿರೋದಿಲ್ಲ, ಮೇಲ್ ಬರಿ ಅಕ್ಷರಕ್ಕೆ, ಅಂದರೆ plain textಗೆ ಬದಲಾದರೆ ಬಣ್ಣವೇ ಹೋಗುತ್ತದೆ. ಬಣ್ಣ ನಂಬಬೇಡಿ, ಪ್ರತಿ ಉತ್ತರದ ಮುಂದೆ ಹೆಸರು, ದಿನಾಂಕ ಬರೆಯಿರಿ. ಕ್ಲಾಸಿಕ್ ಔಟ್‌ಲುಕ್‌ನ ಆಯ್ಕೆಗಳಲ್ಲಿ Preface comments with ಅಂತ ಒಂದಿದೆ. ಅದನ್ನು ಆನ್ ಮಾಡಿದರೆ ಹಳೆಯ ಮೇಲ್ ನಡುವೆ ಬರೆದಾಗ ನಿಮ್ಮ ಹೆಸರು ತಾನಾಗೇ ಬರುತ್ತದೆ.

ಒಂದು ಎಚ್ಚರ ಇಲ್ಲಿ ಹೇಳಲೇಬೇಕು. ಸಾಲಿನ ನಡುವೆ ಬರೆಯುವಾಗ ಬೇರೆಯವರ ಮಾತನ್ನು ಕತ್ತರಿಸಬಹುದು, ತಿದ್ದಬಾರದು. ಅವರು "ಸುಮಾರು 800" ಅಂದಿದ್ದರೆ "800" ಅಂತ ಚಿಕ್ಕದು ಮಾಡಬೇಡಿ. ಕತ್ತರಿಸಿದ ಜಾಗದಲ್ಲಿ ಮೂರು ಚುಕ್ಕಿ ಇಡಿ.

ಹದಿನೈದು ಇಪ್ಪತ್ತು ನಿಮಿಷ ಹಿಡಿಯುವ ಕೆಲಸ ಇದು. ಒಂದೇ ಒಂದು ಅಂಶ ಬದಲಾಗುವಾಗ ಇದಕ್ಕೆ ಕೈ ಹಾಕಬೇಡಿ.

ದಾರಿ 5: ಹೊಸ ಮೇಲ್, ಹಿಂದಿನದರ ಸಾರ ಸಮೇತ

ಥ್ರೆಡ್ ತುಂಬಾ ಉದ್ದವಾಗಿದೆ, ತಿದ್ದುಪಡಿಯ ಮೇಲೆ ತಿದ್ದುಪಡಿ ಬಂದಿದೆ, ನಡುವೆ ನಾಲ್ಕು ಜನ ಹೊಸಬರು ಸೇರಿದ್ದಾರೆ. ಈಗ ಇನ್ನೊಂದು ರಿಪ್ಲೈ ಹಾಕಿದರೆ ಅದೂ ಮುಳುಗುತ್ತದೆ. ಆಗ ಹೊಸ ಮೇಲ್ ಬೇಕು. ಅರ್ಧ ಗಂಟೆ ಎತ್ತಿಡಿ, ಕಡಿಮೆ ಸಮಯದಲ್ಲಿ ಇದನ್ನು ಸರಿಯಾಗಿ ಮಾಡೋಕಾಗೋದಿಲ್ಲ.

ಹೊಸ ಮೇಲ್‌ನಲ್ಲಿ ಥ್ರೆಡ್‌ನ ಕಥೆ ಹೇಳಬೇಕಿಲ್ಲ. ಇವತ್ತಿಗೆ ಏನು ನಿಂತಿದೆ ಅನ್ನೋದು ಮೊದಲು. ಪ್ರತಿ ತೀರ್ಮಾನದ ಪಕ್ಕ ಅದು ಯಾವತ್ತು, ಯಾರ ಮೇಲ್‌ನಲ್ಲಿ ಆಯಿತು ಅಂತ ಒಂದು ಸಾಲು. "ಎತ್ತರ 10 ಇಂಚು, ಸಪ್ಲೈಯರ್ ಒಪ್ಪಿದ್ದು ಮಾರ್ಚ್ 9." ಆಮೇಲೆ ಇನ್ನೂ ತೀರ್ಮಾನವಾಗದ ವಿಷಯಗಳು. ಬಿಟ್ಟುಹೋಗೋದು ಸಾಮಾನ್ಯವಾಗಿ ಇವೇ. ಯಾರೋ ಕೇಳಿ ಉತ್ತರ ಸಿಗದ ಪ್ರಶ್ನೆ ಸಾರದಲ್ಲಿ ಬರದಿದ್ದರೆ ಅದು ಅಲ್ಲಿಗೇ ಸತ್ತುಹೋಗುತ್ತದೆ, ಕೇಳಿದವರಿಗೆ ನೋವೂ ಆಗುತ್ತದೆ. ಕೊನೆಯಲ್ಲಿ "ಇದರಲ್ಲಿ ಏನಾದರೂ ತಪ್ಪಿದ್ದರೆ ಇಂಥ ದಿನದೊಳಗೆ ಹೇಳಿ" ಅಂತ ಹಾಕಿ. ಸಾರ ಬರೆದವರು ನೀವು, ನಿಮ್ಮ ಕಣ್ಣಿನಿಂದ ನೋಡಿದ್ದು. ಉಳಿದವರು ಒಪ್ಪಿದ ಮೇಲೇ ಅದು ಎಲ್ಲರದ್ದು.

ಹಳೆಯ ಥ್ರೆಡ್ ಜೊತೆಗೆ ಕೊಂಡಿ ಉಳಿಯಬೇಕು. ಜಿಮೇಲ್‌ನಲ್ಲಿ ಹಳೆಯ ಮೇಲ್‌ನ ಮೆನುವಿನಲ್ಲಿ Forward as attachment ಇದೆ. ಅದು ಮೇಲ್ ಅನ್ನು .eml ಫೈಲ್ ಆಗಿ ಅಂಟಿಸುತ್ತದೆ. ತೆರೆದರೆ ದಿನಾಂಕ, ಕಳಿಸಿದವರು, ಅಟ್ಯಾಚ್‌ಮೆಂಟ್ ಎಲ್ಲ ಹಾಗೇ ಇರುತ್ತವೆ. ತೀರ್ಮಾನ ಆದ ಎರಡು ಮೂರು ಮೇಲ್‌ಗಳನ್ನು ಮಾತ್ರ ಹೀಗೆ ಹಾಕಿ, ನಲವತ್ತನ್ನೂ ಅಲ್ಲ. ಕೊಟೇಶನ್ ಪಿಡಿಎಫ್ ಬೇರೆಯಾಗಿ ಮತ್ತೆ ಅಟ್ಯಾಚ್ ಮಾಡಿ. ಹಳೆಯ ಥ್ರೆಡ್‌ನಲ್ಲೂ ಒಂದು ಸಾಲು ಬೇಕು: "ಇನ್ನು ಮುಂದೆ ಮಾತುಕತೆ ಮಾರ್ಚ್ 15ರ ಹೊಸ ಮೇಲ್‌ನಲ್ಲಿ." ಇಲ್ಲದಿದ್ದರೆ ಯಾರಾದರೊಬ್ಬರು ಹಳೆಯದಕ್ಕೇ ಉತ್ತರಿಸುತ್ತಾ ಹೋಗುತ್ತಾರೆ.

ಯಾರಿಗೆ ಯಾವುದು

ಸಮಯ ಇಲ್ಲ, ಒಂದೇ ಅಂಶ ತಪ್ಪಿದೆ ಅಂದರೆ ಮೂರನೇ ದಾರಿ. ಕಳಿಸಿ ಅರ್ಧ ನಿಮಿಷ ಆಗಿಲ್ಲ ಅಂದರೆ Undo ಒತ್ತಿ, ಯೋಚಿಸೋದು ಆಮೇಲೆ. ಗ್ರೂಪ್ ಚಾಟ್‌ನಲ್ಲಿ ಕಾಗುಣಿತ ತಪ್ಪಿದ್ದರೆ ಸುಮ್ನೆ ತಿದ್ದಿ. ಸಂಖ್ಯೆ ತಪ್ಪಿದ್ದರೆ ಗೆರೆ ಎಳೆದು ತಿದ್ದಿ, ಕೊನೆಯಲ್ಲೂ ಹೇಳಿ. ಪ್ರಶ್ನೆಗಳ ಪಟ್ಟಿಗೆ ಉತ್ತರ ಕೊಡುತ್ತಿದ್ದರೆ ನಾಲ್ಕನೆಯದು. ಹೊಸದಾಗಿ ಸೇರಿದವರೇ ಮುಂದಿನ ತೀರ್ಮಾನ ಮಾಡುವವರಾಗಿದ್ದರೆ ಐದನೆಯದು, ಎಷ್ಟೇ ಸಮಯ ಹಿಡಿದರೂ.

ದುಡ್ಡು ಕೈ ಬದಲಾಗುವ ವಿಷಯ ಇದ್ದರೆ ಮೂರನೆಯದರ ಜೊತೆ ಒಂದು ಫೋನ್ ಕೂಡ ಮಾಡಿ. ನಮ್ಮ ಉದಾಹರಣೆಯಲ್ಲಿ ಅಕೌಂಟ್ಸ್‌ನವರು ಸಂಜೆ ದುಡ್ಡು ಹಾಕುವವರಿದ್ದಾರೆ. ಅವರು ಮೇಲ್ ನೋಡುತ್ತಾರೆ ಅಂತ ಕಾಯಬಾರದು. ಫೋನ್‌ನಲ್ಲಿ ಹೇಳಿದ್ದನ್ನೂ ತಿದ್ದುಪಡಿಯ ಕೆಳಗೆ ಸೇರಿಸಿ: "ಅಕೌಂಟ್ಸ್‌ಗೆ 11:45ಕ್ಕೆ ಫೋನ್‌ನಲ್ಲಿ ತಿಳಿಸಿದ್ದೇನೆ." ಆಗ ಥ್ರೆಡ್ ಓದಿದವರಿಗೆ ₹15,200 ಅಂದಿದ್ದವರು ₹16,800 ಯಾಕೆ ಹಾಕಿದರು ಅಂತ ಅಲ್ಲೇ ಗೊತ್ತಾಗುತ್ತದೆ.

ಯಾವ ದಾರಿ ಹಿಡಿದರೂ ಕಳಿಸಿದ ಮೇಲೆ ಒಂದು ಸಲ ಪರೀಕ್ಷೆ ಮಾಡಿ. ನಿಮ್ಮ ಇನ್ನೊಂದು ಐಡಿ ಇದ್ದರೆ, ಅಥವಾ ಪಕ್ಕದ ಟೇಬಲ್‌ನವರು ಥ್ರೆಡ್‌ನಲ್ಲಿ ಇಲ್ಲದಿದ್ದರೆ, ಆ ಮೇಲ್ ಒಂದನ್ನೇ ಅವರಿಗೆ ಫಾರ್ವರ್ಡ್ ಮಾಡಿ, "ಎಷ್ಟು ಬಾಕ್ಸ್, ಯಾವ ಸೈಜ್, ಯಾವ ರೇಟ್, ಮೊದಲು ಏನಿತ್ತು?" ಅಂತ ಕೇಳಿ. ನಾಲ್ಕಕ್ಕೂ ಅವರು ನಿಮ್ಮನ್ನು ಏನೂ ಕೇಳದೇ ಉತ್ತರ ಕೊಟ್ಟರೆ ಸರಿ. ಯಾವುದಕ್ಕೆ ತಡವರಿಸುತ್ತಾರೋ ಆ ಸಾಲನ್ನು ಸೇರಿಸಿ ಕೂಡಲೇ ಇನ್ನೊಂದು ರಿಪ್ಲೈ ಕಳಿಸಿ, ಥ್ರೆಡ್‌ನಲ್ಲಿ ಬೇರೆಯವರು ಉತ್ತರಿಸುವ ಮೊದಲೇ.